ಅತ್ತಿವೇರಿಯ ಕಂದು ಬಾತುಗಳಲ್ಲಿ ಗಂಡು ಯಾವುದು?

ಡಿಸೆಂಬರ್ ರಜೆಯಲ್ಲಿ ಮುಂಡಗೋಡದ ಖಾಲಾ ಮನೆಗೆ ಹೋದಾಗ ಮಾಮು ನನ್ನನ್ನು ಅತ್ತಿವೇರಿ ಪಕ್ಷಿಧಾಮಕ್ಕೆ ಕರೆದುಕೊಂಡು ಹೋಗಿದ್ದರು. ಜಲಾಶಯದ ನೀರಿನಲ್ಲಿ ಸಣ್ಣ ಕಂದು ಬಾತುಗಳ ಗುಂಪೊಂದು ತೇಲುತ್ತಿತ್ತು. ಮಾಮು ಕ್ಯಾಮೆರಾದಲ್ಲಿ ಹನ್ನೊಂದು ಫೋಟೋ ತೆಗೆದೆ. ಮನೆಗೆ ಬಂದು ಪುಸ್ತಕದ ಚಿತ್ರದೊಂದಿಗೆ ಹೋಲಿಸಿ, "ಗಾರ್ಗನಿ, ಎಲ್ಲವೂ ಹೆಣ್ಣು" ಎಂದು ಬರೆದಿಟ್ಟೆ. ಗಂಡು ಗಾರ್ಗನಿಗೆ ಕಣ್ಣಿನ ಮೇಲೆ ದಪ್ಪ ಬಿಳಿ ಹುಬ್ಬಿರುತ್ತದೆ. ಇಲ್ಲಿ ಒಂದಕ್ಕೂ ಇರಲಿಲ್ಲ.

"ಗಂಡೆಲ್ಲ ಎಲ್ಲಿ ಹೋದವು ಬೇಟಾ?" ಎಂದು ಮಾಮು ನಕ್ಕರು. ಆಗಲೇ ನನಗೆ ಅನುಮಾನ ಬಂದದ್ದು.

ಗಂಡುಗಳು ಎಲ್ಲಿಗೂ ಹೋಗಿರಲಿಲ್ಲ, ವೇಷ ಬದಲಿಸಿದ್ದವು. ಯುರೋಪ್, ಸೈಬೀರಿಯಾ ಕಡೆ ಮರಿ ಮಾಡುವ ಕಾಲ ಮುಗಿಯುತ್ತಿದ್ದಂತೆ ಗಂಡು ಬಾತು ಹಾರುವ ಗರಿಗಳನ್ನೆಲ್ಲ ಒಟ್ಟಿಗೆ ಉದುರಿಸುತ್ತದೆ. ಮೂರ್ನಾಲ್ಕು ವಾರ ಅದು ಹಾರಲಾರದು. ಆಗ ಬಣ್ಣದ ಮೈ ಇದ್ದರೆ ಶತ್ರುವಿನ ಕಣ್ಣಿಗೆ ಬೀಳುತ್ತದೆ, ಅದಕ್ಕೇ ಹೆಣ್ಣಿನಂಥ ಮಂಕು ಗರಿ. ಇದಕ್ಕೆ ಎಕ್ಲಿಪ್ಸ್ ಎನ್ನುತ್ತಾರೆ, ಅಂದರೆ ಗ್ರಹಣ. ಬೇರೆ ಬಾತುಗಳಲ್ಲಿ ಹೆಚ್ಚಿನವು ಚಳಿಗಾಲ ಬಲಿಯುವ ಹೊತ್ತಿಗೆ ಬಣ್ಣಕ್ಕೆ ಮರಳುತ್ತವೆ. ಗಾರ್ಗನಿ ಮಾತ್ರ ಸೋಮಾರಿ. ಅದರ ಗ್ರಹಣ ಬಿಡಲು ಫೆಬ್ರವರಿಯೇ ಬರಬೇಕು.

ಆದರೆ ಮೈಯ ಸಣ್ಣ ಗರಿ ವರ್ಷಕ್ಕೆ ಎರಡು ಸಲ ಬದಲಾದರೆ, ರೆಕ್ಕೆಯ ದೊಡ್ಡ ಗರಿ ಬದಲಾಗುವುದು ಒಂದೇ ಸಲ. ಹಾಗಾಗಿ ರೆಕ್ಕೆ ಸುಳ್ಳು ಹೇಳುವುದಿಲ್ಲ. ಗಂಡಿನ ರೆಕ್ಕೆಯ ಮುಂಭಾಗ ಮಂಕು ವೇಷದಲ್ಲೂ ತಿಳಿ ನೀಲಿ-ಬೂದು, ಹೆಣ್ಣಿನದು ಕಂದು-ಬೂದು. ಗಂಡಿಗೆ ರೆಕ್ಕೆಯ ಹಸಿರು ಪಟ್ಟಿಯ ಎರಡೂ ಅಂಚಿಗೆ ಅಗಲವಾದ ಬಿಳಿ ಗೆರೆಯೂ ಇರುತ್ತದೆ.

ಫೋಟೋಗಳನ್ನು ಮತ್ತೆ ದೊಡ್ಡದು ಮಾಡಿ ನೋಡಿದೆ. ಎಂಟರಲ್ಲಿ ರೆಕ್ಕೆ ಮಡಚಿತ್ತು, ಏನೂ ಕಾಣಲಿಲ್ಲ. ಮೂರರಲ್ಲಿ ಹಕ್ಕಿ ರೆಕ್ಕೆ ಬಡಿಯುತ್ತಿತ್ತು. ಒಂದರಲ್ಲಿ ತಿಳಿ ನೀಲಿ ಸ್ಪಷ್ಟ, ಅದು ಗಂಡು. ಇನ್ನೊಂದರಲ್ಲಿ ಕಂದು. ಮೂರನೆಯದು ಸೂರ್ಯನಿಗೆ ಎದುರಾಗಿ ತೆಗೆದದ್ದು, ಅಂಥ ಬೆಳಕಿನಲ್ಲಿ ಕಂದು ರೆಕ್ಕೆಯೂ ಬೆಳ್ಳಗೆ ಹೊಳೆಯುತ್ತದೆ. ಅದನ್ನು ಬಿಟ್ಟೆ.

ಗಾರ್ಗನಿಯೇ ಹೌದೋ, ಕಾಮನ್ ಟೀಲೋ ಎಂಬುದನ್ನೂ ಪರೀಕ್ಷಿಸಿದೆ. ಗಾರ್ಗನಿಯ ಮುಖದಲ್ಲಿ ಕಣ್ಣಿನ ಮೂಲಕ ಒಂದು ಕಪ್ಪು ಗೆರೆ, ಕೆನ್ನೆಯ ಮೇಲೆ ಇನ್ನೊಂದು, ಕೊಕ್ಕಿನ ಬುಡದಲ್ಲಿ ಬಿಳಿ ಮಚ್ಚೆ. ಹೆಣ್ಣು ಟೀಲಿನ ಮುಖ ಸಪ್ಪೆ, ಬಾಲದ ಪಕ್ಕದಲ್ಲಿ ಮಾತ್ರ ತಿಳಿ ಗೆರೆ. ನನ್ನವು ಗಾರ್ಗನಿಗಳೇ.

ಈಗ ಪಟ್ಟಿಯಲ್ಲಿ ತಿದ್ದಿದ್ದೇನೆ: ಗಂಡು ಒಂದು, ಹೆಣ್ಣು ಒಂದು, ಉಳಿದವು "ತಿಳಿಯದು". ಅಕೌಂಟ್ಸ್‌ನಲ್ಲಿ ಸಸ್ಪೆನ್ಸ್ ಖಾತೆ ಇರುತ್ತದಲ್ಲ, ಹಾಗೆ. ಮಾಮು ಫೆಬ್ರವರಿ ಕೊನೆಗೆ ಮತ್ತೆ ಹೋಗೋಣ ಎಂದಿದ್ದಾರೆ.