ಗದ್ದೆಯ ನೀರು, ಘಾಟಿ ರಸ್ತೆ ಮತ್ತು ಪೋಲರೈಸ್ಡ್ ಕನ್ನಡಕ

ಆಗಸ್ಟ್‌ನಲ್ಲಿ ನಾಟಿಗೆಂದು ಗದ್ದೆಗಳಲ್ಲಿ ನೀರು ನಿಂತಿರುವಾಗ, ಬೆಳಗ್ಗೆ ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬೈಕಿನಲ್ಲಿ ಹೊರಟವರಿಗೆ ಬಿಸಿಲು ಎರಡು ಕಡೆಯಿಂದ ಕಣ್ಣಿಗೆ ಬೀಳುತ್ತದೆ: ಮೇಲಿನಿಂದ ನೇರವಾಗಿ, ಕೆಳಗಿನಿಂದ ನೀರಿನಲ್ಲಿ ಪ್ರತಿಫಲಿಸಿ. ಸಾಮಾನ್ಯ ಕಪ್ಪು ಕನ್ನಡಕ ಎರಡನ್ನೂ ಒಂದೇ ಪ್ರಮಾಣದಲ್ಲಿ ಮಂಕಾಗಿಸುತ್ತದೆ. ಪೋಲರೈಸ್ಡ್ ಕನ್ನಡಕ ಪ್ರತಿಫಲನವನ್ನು ಹೆಚ್ಚಾಗಿ ತಡೆಯುತ್ತದೆ.

ಬಿಸಿಲಿನ ಬೆಳಕಿನ ಅಲೆಗಳು ಎಲ್ಲ ದಿಕ್ಕಿಗೂ ಕಂಪಿಸುತ್ತವೆ. ನೀರಿಗೆ ಬಡಿದು ಚಿಮ್ಮಿದ ಬೆಳಕಿನಲ್ಲಿ ಅಡ್ಡ ಕಂಪನದ ಪಾಲೇ ಹೆಚ್ಚು. ಫ್ರಾನ್ಸಿನ ಮಾಲ್ಯುಸ್ 1808ರಲ್ಲಿ ಗಮನಿಸಿದ ಸಂಗತಿ ಇದು. ಪೋಲರೈಸ್ಡ್ ಮಸೂರದೊಳಗಿನ ತೆಳುವಾದ ಪದರ ಅಡ್ಡ ಕಂಪನವನ್ನು ಹೀರಿಕೊಂಡು ಲಂಬ ಕಂಪನವನ್ನು ಮಾತ್ರ ಬಿಡುತ್ತದೆ. ಆಗ ಹೊಳಪು ಕರಗಿ, ನೀರಿನಡಿಯ ಕೆಸರೂ ಪೈರಿನ ಬುಡವೂ ಕಾಣುತ್ತವೆ.

ಆದರೆ ಈ ಗುಣ ಸೂರ್ಯನ ಎತ್ತರವನ್ನು ಅವಲಂಬಿಸಿದೆ. ಸೂರ್ಯ ದಿಗಂತದಿಂದ ಸುಮಾರು 37 ಡಿಗ್ರಿ ಮೇಲಿದ್ದಾಗ, ಅಂದರೆ ಎಂಟೂವರೆ–ಒಂಬತ್ತರ ಹೊತ್ತಿಗೆ, ನೀರಿನಿಂದ ಬರುವ ಸೂರ್ಯನ ಹೊಳಪು ಬಹುತೇಕ ಪೂರ್ತಿ ಅಡ್ಡ ಕಂಪನದ್ದು. ಕನ್ನಡಕ ಅದನ್ನು ಸಂಪೂರ್ಣ ಎನ್ನುವಷ್ಟು ಅಳಿಸುತ್ತದೆ. ಸಂಜೆ ಆರರ ಸುಮಾರಿಗೆ ಅದೇ ಸವಾರ ಯಳಂದೂರಿಗೆ ಮರಳುವಾಗ ಸೂರ್ಯ 10 ಡಿಗ್ರಿಗೆ ಇಳಿದಿರುತ್ತಾನೆ. ಆಗ ಹೊಳಪಿನ ಸುಮಾರು ಮೂರನೇ ಒಂದು ಪಾಲು ಲಂಬ ಕಂಪನದ್ದೇ ಆಗಿ ಮಸೂರವನ್ನು ದಾಟಿ ಬರುತ್ತದೆ. ಎದುರಿನ ಸೂರ್ಯನ ನೇರ ಬೆಳಕಿಗಂತೂ ಇದರಲ್ಲಿ ವಿಶೇಷ ರಕ್ಷಣೆಯಿಲ್ಲ; ಬೇರೆ ಕಪ್ಪು ಗಾಜಿನಂತೆ ಅದನ್ನು ಮಂಕಾಗಿಸುತ್ತದೆ, ಅಷ್ಟೆ.

ಹನೂರು ದಾಟಿ ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟ ಹತ್ತುವಾಗ ಲೆಕ್ಕವೇ ಬೇರೆ. ಮಳೆ ಬಿದ್ದ ತಿರುವಿನಲ್ಲಿ ಟಾರಿನ ಹೊಳಪೇ ಜಾರುವ ಜಾಗದ ಸುಳಿವು. ಹೊಳಪನ್ನು ಅಳಿಸುವ ಕನ್ನಡಕ ಆ ಸುಳಿವನ್ನೂ ಅಳಿಸಬಹುದು. ಮರಗಳ ದಟ್ಟ ನೆರಳಿಗೆ ನುಗ್ಗಿದೊಡನೆ ಕಪ್ಪು ಮಸೂರದ ಹಿಂದೆ ರಸ್ತೆಯ ಗುಂಡಿ ಕಾಣದೆ ಹೋಗುತ್ತದೆ. ಕತ್ತಲಾದ ಮೇಲೆ ಇದನ್ನು ಹಾಕಲೇಬಾರದು: ಎದುರು ವಾಹನದ ಹೆಡ್‌ಲೈಟ್ ಪೋಲರೈಸ್ ಆದ ಬೆಳಕಲ್ಲ, ಅದರ ಜೊತೆಗೆ ರಸ್ತೆಯೂ ಕಪ್ಪಾಗುತ್ತದೆ.

ಇನ್ನೊಂದು ತೊಡಕು ಎಲ್‌ಸಿಡಿ ಪರದೆಯದು. ಅದರಿಂದ ಬರುವ ಬೆಳಕು ಮೊದಲೇ ಪೋಲರೈಸ್ ಆಗಿರುತ್ತದೆ. ಹಾಗಾಗಿ ಕೆಲವು ಬೈಕ್‌ಗಳ ಡಿಜಿಟಲ್ ಮೀಟರೋ ದಾರಿ ತೋರಿಸುವ ಮೊಬೈಲೋ ಒಂದು ಕೋನದಲ್ಲಿ ಪೂರ್ತಿ ಕಪ್ಪಾಗಬಹುದು.

ಕೊಳ್ಳುವ ಮೊದಲು ಅಂಗಡಿಯ ನೆಲದ ಟೈಲ್ಸ್ ಮೇಲಿನ ಹೊಳಪನ್ನು ಮಸೂರದ ಮೂಲಕ ಓರೆಯಾಗಿ ನೋಡಿ, ಕನ್ನಡಕವನ್ನು ನಿಧಾನವಾಗಿ ಕಾಲು ಸುತ್ತು ತಿರುಗಿಸಿ. ಹೊಳಪು ಹೆಚ್ಚು ಕಡಿಮೆಯಾದರೆ ಮಸೂರ ಪೋಲರೈಸ್ಡ್. ಬದಲಾಗದಿದ್ದರೆ ಬರೀ ಬಣ್ಣದ ಗಾಜು. ನೇರಳಾತೀತ ಕಿರಣಗಳ ತಡೆ ಬೇರೆಯೇ ಗುಣ, ಅದನ್ನು ಪ್ರತ್ಯೇಕವಾಗಿ ಕೇಳಿ ತಿಳಿಯಿರಿ. ಹಗಲಿನ ಗದ್ದೆ ಬಯಲಿಗೆ, ಕಾವೇರಿಯ ದಡಕ್ಕೆ ಈ ಕನ್ನಡಕ ಸರಿ; ಒದ್ದೆ ಘಾಟಿಯಲ್ಲಿ, ಕತ್ತಲಲ್ಲಿ ಅದನ್ನು ಕಳಚಿ ಜೇಬಿಗಿಡಿ.