ಕೋಷ್ಟಕ 1ರ ಕರ್ಣದಲ್ಲಿ ಏನಿದೆ?

ಸಮೀಕ್ಷೆ ನಡೆಸಿ ಬರೆದ ಮನೋವಿಜ್ಞಾನದ ಪ್ರಬಂಧಗಳಲ್ಲಿ ಮೊದಲ ಕೋಷ್ಟಕ ಹೆಚ್ಚಾಗಿ ಒಂದೇ ಬಗೆಯದು. ಎಡಕ್ಕೆ ಅಳೆದ ಸಂಗತಿಗಳ ಹೆಸರು, ಪಕ್ಕದಲ್ಲಿ ಸರಾಸರಿ ಮತ್ತು ಮಾನಕ ವಿಚಲನೆ, ಆಮೇಲೆ ಮೆಟ್ಟಿಲಿನಂತೆ ಇಳಿಯುವ ಸಹಸಂಬಂಧಗಳು. ಬಹಳ ಜನ ಇದನ್ನು ಹಾರಿಸಿ ಮುಂದೆ ಹೋಗುತ್ತಾರೆ. ಆದರೆ ಪ್ರಬಂಧ ಎಷ್ಟು ಗಟ್ಟಿ ಎಂಬುದು ತಿಳಿಯುವುದು ಇಲ್ಲೇ.

ಒಂದು ಉದಾಹರಣೆ ನೋಡೋಣ. ಅಂಕಿಗಳು ವಿವರಣೆಗಾಗಿ ನಾನೇ ಕಟ್ಟಿದವು. 200 ಶಿಕ್ಷಕರಿಗೆ ಪ್ರಶ್ನಾವಳಿ ಕೊಟ್ಟಿದ್ದೇವೆ ಎಂದುಕೊಳ್ಳಿ. ವಯಸ್ಸು ಬಿಟ್ಟು ಉಳಿದವಕ್ಕೆಲ್ಲ 1ರಿಂದ 5ರವರೆಗಿನ ಉತ್ತರ.

| | ಸರಾಸರಿ | ಮಾನಕ ವಿಚಲನೆ | 1 | 2 | 3 | 4 |
|---|---|---|---|---|---|---|
| 1. ವಯಸ್ಸು | 38.60 | 8.90 | – | | | |
| 2. ಕೆಲಸದ ತೃಪ್ತಿ | 3.41 | 0.78 | .14* | (.84) | | |
| 3. ಬಳಲಿಕೆ | 2.87 | 0.91 | -.08 | -.42** | (.70) | |
| 4. ಕೆಲಸ ಬಿಡುವ ಯೋಚನೆ | 2.15 | 1.08 | -.21** | -.47** | .38** | – |

ಮೇಲಿನ ಅರ್ಧ ಖಾಲಿ ಬಿಟ್ಟಿರುವುದಕ್ಕೆ ಕಾರಣ ಸರಳ: ತೃಪ್ತಿಗೂ ಬಳಲಿಕೆಗೂ ಇರುವ ಸಂಬಂಧವೇ ಬಳಲಿಕೆಗೂ ತೃಪ್ತಿಗೂ ಇರುವುದು, ಎರಡು ಸಲ ಬರೆಯಬೇಕಿಲ್ಲ. ಸಹಸಂಬಂಧ 1 ಅನ್ನು ಮೀರುವುದಿಲ್ಲವಾದ್ದರಿಂದ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಶೈಲಿಯಲ್ಲಿ ಬಿಂದುವಿನ ಹಿಂದೆ ಸೊನ್ನೆ ಹಾಕುವುದಿಲ್ಲ.

ಇನ್ನು ಕರ್ಣ. ಲೆಕ್ಕದ ಪ್ರಕಾರ ಅಲ್ಲಿ ಇರಬೇಕಾದದ್ದು 1; ಯಾವುದೇ ಸಂಗತಿಗೆ ತನ್ನೊಂದಿಗೇ ಇರುವ ಸಂಬಂಧ ಪೂರ್ಣವಾದದ್ದು. ಅದನ್ನು ಅಚ್ಚು ಹಾಕಿದರೆ ಯಾರಿಗೂ ಹೊಸದೇನೂ ತಿಳಿಯುವುದಿಲ್ಲ. ಆ ಜಾಗದಲ್ಲಿ ವಿಶ್ವಾಸಾರ್ಹತೆಯನ್ನು ಆವರಣದೊಳಗೆ ಕೂರಿಸುವುದು ರೂಢಿ. ಸಾಮಾನ್ಯವಾಗಿ ಅದು ಲೀ ಕ್ರಾನ್‌ಬ್ಯಾಕ್ 1951ರ ಲೇಖನದಿಂದ ಹೆಸರಾದ ಆಲ್ಫಾ. ಒಂದೇ ಸಂಗತಿಯ ಬಗ್ಗೆ ಕೇಳಿದ ಹಲವು ಪ್ರಶ್ನೆಗಳಿಗೆ ಬಂದ ಉತ್ತರಗಳು ಎಷ್ಟರಮಟ್ಟಿಗೆ ಒಂದೇ ದಿಕ್ಕಿನಲ್ಲಿ ಸಾಗುತ್ತವೆ ಎಂಬುದನ್ನು ಅದು ಹೇಳುತ್ತದೆ. ವಯಸ್ಸಿಗೆ ಇದು ಅನ್ವಯಿಸದು. ಕೆಲಸ ಬಿಡುವ ಯೋಚನೆಯನ್ನು ಒಂದೇ ಪ್ರಶ್ನೆಯಲ್ಲಿ ಕೇಳಿದ್ದರಿಂದ ಅಲ್ಲಿಯೂ ಗೆರೆ.

ಈ ಅಂಕಿ ಪಕ್ಕದ ಅಂಕಿಗಳನ್ನು ಓದುವ ಬಗೆಯನ್ನೇ ಬದಲಿಸುತ್ತದೆ. ಅಳತೆಯಲ್ಲಿ ದೋಷವಿದ್ದಷ್ಟೂ ಸಹಸಂಬಂಧ ಕುಗ್ಗಿ ಕಾಣುತ್ತದೆ ಎಂದು ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲೇ ತೋರಿಸಿ, ಸರಿಪಡಿಸುವ ಸೂತ್ರವನ್ನೂ ಕೊಟ್ಟಿದ್ದರು. ನಮ್ಮ ಕೋಷ್ಟಕದಲ್ಲೇ ಮಾಡಿ ನೋಡಿ. .84 ಮತ್ತು .70 ಗುಣಿಸಿದರೆ .588, ಅದರ ವರ್ಗಮೂಲ ಸುಮಾರು.77. ತೃಪ್ತಿ ಮತ್ತು ಬಳಲಿಕೆಯ ನಡುವಿನ -.42 ಅನ್ನು ಅದರಿಂದ ಭಾಗಿಸಿದರೆ -.55 ಬರುತ್ತದೆ. ಅಳತೆ ದೋಷರಹಿತವಾಗಿದ್ದರೆ ಸಂಬಂಧ ಅಷ್ಟಿರಬಹುದಿತ್ತು ಎಂಬ ಅಂದಾಜು ಅದು. ಕೋಷ್ಟಕದಲ್ಲಿ ಮಾತ್ರ -.42 ಅನ್ನೇ ಹಾಕಬೇಕು. ತಿದ್ದಿದ ಅಂಕಿಯನ್ನೂ ಕೊಡುವ ಆಸೆಯಿದ್ದರೆ ಕರ್ಣದ ಮೇಲಿನ ಖಾಲಿ ಜಾಗವಿದೆ, ಆದರೆ ಅಡಿಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಹೇಳಬೇಕು.

ಕೆಲಸ ಕೆಟ್ಟಿದ್ದರೆ ಮೊದಲು ಬಾಯಿಬಿಡುವುದೂ ಕರ್ಣವೇ. ಬಳಲಿಕೆಯ ಪ್ರಶ್ನೆಗಳ ನಡುವೆ ‘ಶಾಲೆ ಮುಗಿದ ಮೇಲೂ ನನ್ನಲ್ಲಿ ಹುರುಪು ಉಳಿದಿರುತ್ತದೆ’ ಎಂಬ ವಾಕ್ಯವಿದೆ ಎನ್ನಿ. ಇದಕ್ಕೆ 5 ಎಂದವರು ಬಳಲಿದವರಲ್ಲ. ಉತ್ತರವನ್ನು 6ರಿಂದ ಕಳೆದು ತಿರುಗಿಸಿಕೊಳ್ಳಬೇಕು. ಮರೆತರೆ ಆಲ್ಫಾ ಕುಸಿಯುತ್ತದೆ, ಅಂಥ ಪ್ರಶ್ನೆಗಳು ಹೆಚ್ಚಿದ್ದರೆ ಋಣ ಸಂಖ್ಯೆಯೂ ಬರಬಹುದು. ಕರ್ಣದಲ್ಲಿ (.31) ಕಂಡರೆ ಮಾರ್ಗದರ್ಶಕರು ಮೊದಲು ಕೇಳಬೇಕಾದದ್ದು ಇದನ್ನೇ.

ಮಾನಕ ವಿಚಲನೆಯೂ ಹೀಗೆಯೇ ಗುಟ್ಟು ಹೊರಹಾಕುತ್ತದೆ. ಉತ್ತರ ಕೊಡದವರಿಗೆ 99 ಎಂದು ದಾಖಲಿಸುವುದು ಹಳೆಯ ಅಭ್ಯಾಸ. ಅದು ಉತ್ತರವಲ್ಲ ಎಂದು ತಂತ್ರಾಂಶಕ್ಕೆ ತಿಳಿಸದೆ ಹೋದರೆ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. 200ರಲ್ಲಿ ಮೂವರು ಹಾಗೆ ಸೇರಿಕೊಂಡರೂ ಬಳಲಿಕೆಯ ಸರಾಸರಿ 4.3ರ ಸುಮಾರಿಗೆ ಏರುತ್ತದೆ. 5ರೊಳಗೇ ಇರುವುದರಿಂದ ಯಾರಿಗೂ ಅನುಮಾನ ಬಾರದು. ವಿಚಲನೆ ಮಾತ್ರ 11 ದಾಟಿರುತ್ತದೆ. 1ರಿಂದ 5ರ ಅಳತೆಯಲ್ಲಿ ಅದು 2ರ ಆಚೆ ಹೋಗುವುದೇ ಅಪರೂಪ.

ಇನ್ನು ನಕ್ಷತ್ರಗಳು, ಇವುಗಳ ಬಗ್ಗೆ ನನಗೆ ಅಂಥ ಗೌರವವಿಲ್ಲ. ನಿಜದಲ್ಲಿ ಸಂಬಂಧವೇ ಇಲ್ಲದಿದ್ದರೂ ಬರೀ ಆಕಸ್ಮಿಕವಾಗಿ ಇಷ್ಟು ದೊಡ್ಡ ಅಂಕಿ ಬರುವ ಸಂಭವ ನೂರಕ್ಕೆ ಐದಕ್ಕಿಂತ ಕಡಿಮೆ ಎಂಬುದು ಒಂದು ನಕ್ಷತ್ರದ ಅರ್ಥ. ಎರಡಿದ್ದರೆ ನೂರಕ್ಕೆ ಒಂದಕ್ಕಿಂತ ಕಡಿಮೆ. 200 ಜನರಿದ್ದಾಗ .14ಕ್ಕೂ ಒಂದು ನಕ್ಷತ್ರ ಸಿಕ್ಕಿಬಿಡುತ್ತದೆ. ಅದನ್ನು ವರ್ಗ ಮಾಡಿದರೆ ಸುಮಾರು .02, ಅಂದರೆ ತೃಪ್ತಿಯ ಏರುಪೇರಿನಲ್ಲಿ ವಯಸ್ಸಿನ ಪಾಲು ನೂರಕ್ಕೆ ಎರಡು ಮಾತ್ರ.

ಪುಟ ಉಳಿಸಲೆಂದು ಈ ಕೋಷ್ಟಕವನ್ನೇ ಕೈಬಿಡುವವರಿದ್ದಾರೆ. ಸಹಸಂಬಂಧ, ವಿಚಲನೆ ಮತ್ತು ಜನರ ಸಂಖ್ಯೆ ಇದ್ದರೆ ಮೂಲ ದತ್ತಾಂಶ ಕೈಯಲ್ಲಿಲ್ಲದ ಓದುಗರೂ ಲೇಖಕರ ಹಿಂಚಲನ ವಿಶ್ಲೇಷಣೆಯನ್ನು ಮತ್ತೆ ಮಾಡಿ ತಾಳೆ ನೋಡಬಹುದು. ಜಾಗ ಸಾಲದಿದ್ದರೆ ಅನುಬಂಧಕ್ಕೆ ಹಾಕಿ, ಆದರೆ ತೆಗೆಯಬೇಡಿ.