ಅನ್ನ ಬಿಟ್ಟು ಮುದ್ದೆ ಹಿಡಿದರೂ ಸಕ್ಕರೆ ಇಳಿದಿಲ್ಲ, ಏಕೆ?

ಪ್ರಶ್ನೆ: ಯಜಮಾನರಿಗೆ ಸಕ್ಕರೆ ಕಾಯಿಲೆ. ಮನೆಮಂದಿಯೆಲ್ಲ ಅನ್ನದ ಬದಲು ರಾಗಿಮುದ್ದೆ ಉಣ್ಣುತ್ತಿದ್ದೇವೆ. ಆದರೂ ಊಟದ ನಂತರದ ಸಕ್ಕರೆ ಇಳಿದಿಲ್ಲವಲ್ಲ?

ಉತ್ತರ: ಮುದ್ದೆಯ ಗಾತ್ರ ನೋಡಿ. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದ್ದರೆ, ರಾಗಿಯಲ್ಲಿ 67 ಗ್ರಾಂ. ಅಂತರ ಅಷ್ಟೇ. 80 ಗ್ರಾಂ ಅಕ್ಕಿಯ ಅನ್ನದಿಂದ 62 ಗ್ರಾಂ ಪಿಷ್ಟ ಸಿಕ್ಕರೆ, 120 ಗ್ರಾಂ ಹಿಟ್ಟಿನ ದೊಡ್ಡ ಮುದ್ದೆಯಿಂದ 80 ಗ್ರಾಂ! ‘ರಾಗಿ ತಾನೇ’ ಎಂದು ಇನ್ನರ್ಧ ಮುದ್ದೆ ನುಂಗಿದರೆ ಲೆಕ್ಕ ಮುಗಿಯಿತು.

ರಾಗಿಯಲ್ಲಿ ನಾರು ಅಕ್ಕಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು, ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣವಾಗುತ್ತದೆ. ಜರಡಿ ಹಿಡಿದು ತೌಡು ಚೆಲ್ಲಿದರೆ ನಾರೂ ಹೋಯಿತು. ತೆಳ್ಳಗಿನ ಗಂಜಿ, ಮಾಲ್ಟ್ ಇನ್ನೂ ಬೇಗ ರಕ್ತಕ್ಕಿಳಿಯುತ್ತವೆ. ಇಡೀ ಕಾಳಾಗಿ ಬೇಯುವ ನವಣೆ, ಸಾಮೆಗಳು ನಿಧಾನ, ಅದೂ ಪಾಲಿಶ್ ಮಾಡದಿದ್ದರೆ. ಅಂಗಡಿಯ ಬಿಳಿಬಿಳಿ ಸಾಮೆಯ ಮೇಲೆ ನನಗಂತೂ ಅನುಮಾನ.

ಮನೆಯಲ್ಲೇ ಪರೀಕ್ಷಿಸಿ: ಒಂದು ದಿನ 60 ಗ್ರಾಂ ಅಕ್ಕಿ, ಇನ್ನೊಂದು ದಿನ 60 ಗ್ರಾಂ ನವಣೆ, ಬೇಯಿಸುವ ಮುನ್ನ ತೂಗಿ. ಸಾರು, ಪಲ್ಯ ಎರಡು ದಿನವೂ ಒಂದೇ ಇರಲಿ. ಉಣ್ಣುವ ಮೊದಲೊಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಯ ನಂತರ ಇನ್ನೊಮ್ಮೆ ಗ್ಲುಕೋಮೀಟರ್‌ನಲ್ಲಿ ನೋಡಿ, ಏರಿಕೆಯನ್ನು ಹೋಲಿಸಿ. ಒಂದೇ ಸಲ ಸಾಲದು, ಎರಡು ಮೂರು ಬಾರಿ ಮಾಡಿ. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ಇದ್ದರೆ ಪಿಷ್ಟ ಕಡಿಮೆ ಮಾಡುವ ಮುನ್ನ ವೈದ್ಯರಿಗೆ ತಿಳಿಸಿ. ಸಕ್ಕರೆ ತೀರಾ ಕುಸಿಯಬಹುದು.